ಫೀಚರ್ಡ್‌ನಲ್ಲಿ ಒಂಬತ್ತು ಕಾರ್ಡ್: ಯಾವುದು ಇರಲಿ, ಯಾವುದು ಹೋಗಲಿ?

ಪ್ರಶ್ನೆ: ನಾಲ್ಕು ವರ್ಷದಿಂದ ಡೇಟಾ ಅನಲಿಸ್ಟ್ ಆಗಿದ್ದೇನೆ. ಲಿಂಕ್ಡ್‌ಇನ್ ಪರಿಚಯದಲ್ಲಿ ನಾಲ್ಕು ಮಾತು ಬರೆದುಕೊಂಡಿದ್ದೇನೆ: ಸೇಲ್ಸ್ ಡ್ಯಾಶ್‌ಬೋರ್ಡ್ ಮಾಡುತ್ತೇನೆ, ಗೋಜಲಾದ ಡೇಟಾ ಕ್ಲೀನ್ ಮಾಡುತ್ತೇನೆ, ಮೂರು ದಿನ ಹಿಡಿಯುತ್ತಿದ್ದ ತಿಂಗಳ ರಿಪೋರ್ಟನ್ನು ನಾಲ್ಕು ಗಂಟೆಗೆ ಇಳಿಸಿದ್ದೇನೆ, ಟೆಕ್ನಿಕಲ್ ಅಲ್ಲದವರಿಗೂ ಅರ್ಥವಾಗುವ ಹಾಗೆ ವಿವರಿಸುತ್ತೇನೆ. ಪ್ರೊಫೈಲ್‌ನಲ್ಲಿ ಕೆಲಸದ ಮಾದರಿಗಳನ್ನು ಎತ್ತಿ ತೋರಿಸುವ ಫೀಚರ್ಡ್ ವಿಭಾಗದಲ್ಲಿ ಒಂಬತ್ತು ಐಟಂ ಇವೆ. ಐದು ಸರ್ಟಿಫಿಕೇಟ್ (ಪವರ್ ಬಿಐ ಪರೀಕ್ಷೆಯದು ಒಂದು, ಆನ್‌ಲೈನ್ ಕೋರ್ಸ್‌ನವು ಎರಡು, ಹ್ಯಾಕಥಾನ್ ಒಂದು, ವೆಬಿನಾರ್ ಒಂದು), ಗಿಟ್‌ಹಬ್ ಪ್ರೊಫೈಲ್ ಲಿಂಕ್, ಡ್ರೈವ್ ಫೋಲ್ಡರ್, ಸರಾಸರಿ ಮತ್ತು ಮಧ್ಯಾಂಕದ ಬಗ್ಗೆ ನಾನೇ ಬರೆದ ಲೇಖನ, ಹೊಸ ಕೆಲಸಕ್ಕೆ ಸೇರಿದಾಗ ಹಾಕಿದ ಪೋಸ್ಟ್. ಇದರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ?

ಉತ್ತರ: ಇದ್ದ ಹಾಗೆಯೇ ಇಟ್ಟುಕೊಳ್ಳಬಹುದಾದದ್ದು ಒಂದೇ, ನಿಮ್ಮ ಲೇಖನ. ಗಿಟ್‌ಹಬ್ ಲಿಂಕನ್ನು ಬದಲಾಯಿಸಬೇಕು. ಎರಡು ಹೊಸದಾಗಿ ಮಾಡಬೇಕು. ಉಳಿದ ಏಳೂ ಫೀಚರ್ಡ್‌ನಿಂದ ಇಳಿಯಲಿ. ಸರ್ಟಿಫಿಕೇಟ್‌ಗಳಿಗೆ ಬೇರೆ ಜಾಗ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಕೈಯಲ್ಲಿ ಏನಿದೆ ಅಂತ ನೋಡಿ ಫೀಚರ್ಡ್ ತುಂಬಿಸಿದ್ದೀರಿ. ಬಹುತೇಕ ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಕೆಲಸಕ್ಕೆ ಜನ ಹುಡುಕುವವರು ಓದುವುದು ಇನ್ನೊಂದು ಕಡೆಯಿಂದ. ಅವರು ಮೊದಲು ನಿಮ್ಮ ಹೆಡ್‌ಲೈನ್ ನೋಡುತ್ತಾರೆ, ಪರಿಚಯದ ಎರಡು ಸಾಲು ಓದುತ್ತಾರೆ, "ಹೌದಾ, ತೋರಿಸಿ ನೋಡೋಣ" ಅಂದುಕೊಂಡು ಕೆಳಗೆ ಬರುತ್ತಾರೆ. ಹಾಗೆ ಬಂದಾಗ ಕಣ್ಣಿಗೆ ಬೀಳುವುದು ಮೊದಲ ಎರಡೋ ಮೂರೋ ಕಾರ್ಡ್. ಫೋನ್‌ನಲ್ಲಿ ಇನ್ನೂ ಕಡಿಮೆ. ಒಂಬತ್ತರಲ್ಲಿ ಆರನೆಯದು ಎಷ್ಟು ಚೆನ್ನಾಗಿದ್ದರೂ ಅಲ್ಲಿವರೆಗೆ ಯಾರೂ ಪಕ್ಕಕ್ಕೆ ಎಳೆಯುತ್ತಾ ಕೂರುವುದಿಲ್ಲ.

ಹಾಗಾಗಿ ಒಂದು ಹಾಳೆ ತಗೊಳ್ಳಿ. ಎಡಗಡೆ ನಿಮ್ಮ ನಾಲ್ಕು ಮಾತು ಬರೆಯಿರಿ. ಪ್ರತಿಯೊಂದರ ಎದುರಿಗೆ, ಅದನ್ನು ಅನುಮಾನದಿಂದ ನೋಡುವವರಿಗೆ ನೀವು ಏನು ತೋರಿಸುತ್ತೀರಿ ಅಂತ ಬರೆಯಿರಿ. ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ನಾಲ್ಕೂ ಒಂದೇ ಜಾತಿಯ ಮಾತಲ್ಲ. "ಡ್ಯಾಶ್‌ಬೋರ್ಡ್ ಮಾಡುತ್ತೇನೆ" ಅನ್ನುವುದು ಕೈಕೆಲಸದ ಮಾತು, ಮಾಡಿದ ಕೆಲಸವನ್ನೇ ತೋರಿಸಬೇಕು. "ಮೂರು ದಿನದಿಂದ ನಾಲ್ಕು ಗಂಟೆಗೆ ಇಳಿಸಿದೆ" ಅನ್ನುವುದು ಫಲಿತಾಂಶದ ಮಾತು. ಅದಕ್ಕೆ ಅದನ್ನು ಕಣ್ಣಾರೆ ಕಂಡ ಇನ್ನೊಬ್ಬರ ಸಾಕ್ಷಿ ಬೇಕು. ಸರ್ಟಿಫಿಕೇಟ್ ಹೇಳುವುದು ಇವೆರಡನ್ನೂ ಅಲ್ಲ. ಅದು "ಇವರು ಈ ವಿಷಯ ಓದಿದ್ದಾರೆ, ಪರೀಕ್ಷೆ ಬರೆದಿದ್ದಾರೆ" ಅನ್ನುತ್ತದೆ. ನಿಮ್ಮ ನಾಲ್ಕು ಮಾತಿನಲ್ಲಿ "ನನಗೆ ಇದು ಗೊತ್ತು" ಅನ್ನುವ ಮಾತು ಒಂದೂ ಇಲ್ಲ ನೋಡಿ. ಅಂದರೆ ಐದು ಸರ್ಟಿಫಿಕೇಟ್ ಹಾಕಿದ್ದೀರಿ, ಐದೂ ನೀವು ಹೇಳದೇ ಇರುವ ಮಾತಿಗೆ ಸಾಕ್ಷಿ ಹೇಳುತ್ತಿವೆ.

ಅವುಗಳನ್ನು ಮೊದಲು ಮುಗಿಸಿಬಿಡೋಣ. ಪವರ್ ಬಿಐ ಪರೀಕ್ಷೆ ಅಂದರೆ ಮೈಕ್ರೋಸಾಫ್ಟ್‌ನ PL-300 ಇರಬೇಕು. ಅದು ಕುಳಿತು ಬರೆದು ಪಾಸಾದದ್ದು, ಅದಕ್ಕೆ ತೂಕ ಇದೆ. ಆದರೆ ಅದರ ಜಾಗ ಪ್ರೊಫೈಲ್‌ನ `Licenses & certifications` ವಿಭಾಗ. ಅಲ್ಲಿ ಕೊಟ್ಟ ಸಂಸ್ಥೆ, ಪಡೆದ ತಿಂಗಳು, ಮುಗಿಯುವ ತಿಂಗಳು, `Credential ID`, `Credential URL` ಅಂತ ಒಂದೊಂದಕ್ಕೂ ಕಾಲಂ ಇದೆ. ಆ ಕೊನೆಯದನ್ನು ತಪ್ಪದೆ ತುಂಬಿಸಿ. ತುಂಬಿಸಿದರೆ ನೋಡುವವರಿಗೆ ಒಂದು ಬಟನ್ ಕಾಣುತ್ತದೆ, ಒತ್ತಿದರೆ ಕೊಟ್ಟವರ ಪುಟದಲ್ಲೇ ನಿಮ್ಮ ಹೆಸರು ಬರುತ್ತದೆ. ಫೀಚರ್ಡ್‌ನಲ್ಲಿ ಸರ್ಟಿಫಿಕೇಟಿನ ಫೋಟೋ ಹಾಕಿದರೆ ಈ ಪರಿಶೀಲನೆ ಆಗುವುದೇ ಇಲ್ಲ. ಕಾರ್ಡ್ ಅಳತೆಗೆ ಕುಗ್ಗಿದ ಮೇಲೆ ಅಂಚಿನ ಬಣ್ಣದ ಪಟ್ಟಿ, ಮಧ್ಯೆ ಒಂದು ಸೀಲು, ಇಷ್ಟೇ ಕಾಣುತ್ತದೆ. ನಿಮ್ಮ ಹೆಸರು ಕೂಡ ಓದಲಾಗುವುದಿಲ್ಲ. ಸಾಲದ್ದಕ್ಕೆ ಕೆಲವು ಸರ್ಟಿಫಿಕೇಟ್‌ಗಳ ಮೇಲೆ ಹುಟ್ಟಿದ ದಿನಾಂಕ, ನೋಂದಣಿ ಸಂಖ್ಯೆ ಎಲ್ಲ ಇರುತ್ತದೆ. ಅದನ್ನು ಊರಿಗೆಲ್ಲ ತೋರಿಸುವ ಅಗತ್ಯ ಏನಿದೆ?

ಇನ್ನೊಂದು ವಿಷಯ. ಈ ಸರ್ಟಿಫಿಕೇಟಿಗೆ ಆಯಸ್ಸು ಒಂದೇ ವರ್ಷ. ಮುಗಿಯುವ ಆರು ತಿಂಗಳ ಮುಂಚಿನಿಂದ ಮೈಕ್ರೋಸಾಫ್ಟ್ ಲರ್ನ್‌ನಲ್ಲಿ ಒಂದು ಚಿಕ್ಕ ಪರೀಕ್ಷೆ ಬರೆದು ಬಿಟ್ಟಿಯಾಗಿ ನವೀಕರಿಸಿಕೊಳ್ಳಬಹುದು. ಎಷ್ಟೋ ಜನ ಮರೆಯುತ್ತಾರೆ. ಅವಧಿ ಮುಗಿದ ಸರ್ಟಿಫಿಕೇಟ್ ಪ್ರೊಫೈಲ್‌ನ ನೆತ್ತಿಯ ಮೇಲೆ ಕೂತಿದ್ದರೆ, ಇಲ್ಲದಿರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ನಿಮ್ಮದರ ದಿನಾಂಕ ಇವತ್ತೇ ನೋಡಿಕೊಳ್ಳಿ.

ಎರಡು ಕೋರ್ಸ್ ಸರ್ಟಿಫಿಕೇಟೂ ಅದೇ ವಿಭಾಗಕ್ಕೆ ಹೋಗಲಿ. ಹ್ಯಾಕಥಾನ್‌ನಲ್ಲಿ ಏನಾದರೂ ಕಟ್ಟಿದ್ದರೆ ಕಟ್ಟಿದ್ದನ್ನು ತೋರಿಸಿ, ಭಾಗವಹಿಸಿದ ಕಾಗದ ಬೇಡ. ವೆಬಿನಾರ್ ಸರ್ಟಿಫಿಕೇಟ್ ಎಲ್ಲಿಗೂ ಬೇಡ.

ಹಾಗಾದರೆ ಫೀಚರ್ಡ್‌ನಲ್ಲಿ ಸರ್ಟಿಫಿಕೇಟಿಗೆ ಜಾಗವೇ ಇಲ್ಲವಾ ಅಂತ ಕೇಳಬಹುದು. ಇದೆ. ಆ ಲೈಸೆನ್ಸ್ ಇಲ್ಲದೆ ಕೆಲಸವನ್ನೇ ಮಾಡುವ ಹಾಗಿಲ್ಲ ಅನ್ನುವ ವೃತ್ತಿಗಳಲ್ಲಿ ಇದೆ. ಕ್ಷೇತ್ರ ಬದಲಾಯಿಸಿ ಬಂದವರಿಗೆ, ತೋರಿಸಲು ಇನ್ನೇನೂ ಇಲ್ಲದಾಗ, ಸ್ವಲ್ಪ ದಿನಕ್ಕೆ ಇದೆ. ನಿಮ್ಮದು ಎರಡೂ ಅಲ್ಲ.

ಈಗ ನಿಜವಾದ ಕಷ್ಟಕ್ಕೆ ಬರೋಣ. ನಿಮ್ಮ ಒಳ್ಳೆಯ ಕೆಲಸವೆಲ್ಲ ಕಂಪನಿಯ ಒಳಗಿದೆ. ಡೇಟಾ ಅವರದು, ರಿಪೋರ್ಟ್ ಅವರದು. ಆ ಡ್ರೈವ್ ಫೋಲ್ಡರ್‌ನಲ್ಲಿ ಏನಿದೆ ಅಂತ ನೀವು ಹೇಳಿಲ್ಲ. ಆಫೀಸಿನ ಡ್ಯಾಶ್‌ಬೋರ್ಡ್‌ಗಳ ಸ್ಕ್ರೀನ್‌ಶಾಟ್ ಇದ್ದರೆ ಈ ಉತ್ತರ ಓದುವುದನ್ನು ನಿಲ್ಲಿಸಿ ಮೊದಲು ಅದನ್ನು ತೆಗೆಯಿರಿ. ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದಿದ್ದೇನೆ ಅನ್ನುವವರ ಸ್ಕ್ರೀನ್‌ಶಾಟ್‌ಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಗ್ರಾಹಕರ ಹೆಸರು ಮುಚ್ಚಿರುತ್ತಾರೆ. ಬಲಗಡೆಯ ಫಿಲ್ಟರ್ ಪಟ್ಟಿಯಲ್ಲಿ ಅದೇ ಹೆಸರುಗಳು ಸಾಲಾಗಿ ಕೂತಿರುತ್ತವೆ. ಅದನ್ನೂ ಮುಚ್ಚಿದರೆ ಬ್ರೌಸರ್ ಟ್ಯಾಬ್ ಮೇಲೆ ಪ್ರಾಜೆಕ್ಟ್ ಹೆಸರು, ಮೇಲಿನ ವಿಳಾಸದಲ್ಲಿ ಕಂಪನಿಯ ಡೊಮೇನ್. ಪಿಡಿಎಫ್ ಮಾಡಿದ್ದರೆ ಫೈಲಿನ ಪ್ರಾಪರ್ಟೀಸ್‌ನಲ್ಲಿ ಮಾಡಿದವರ ಹೆಸರು, ಕೆಲವೊಮ್ಮೆ ಸಂಸ್ಥೆಯ ಹೆಸರೂ ಇರುತ್ತದೆ. ನೇಮಕ ಮಾಡುವವರು ಇದನ್ನು ನೋಡಿ ನಿಮ್ಮ ಡ್ಯಾಶ್‌ಬೋರ್ಡ್ ಚೆನ್ನಾಗಿದೆ ಅಂದುಕೊಳ್ಳುವುದಿಲ್ಲ. ನಾಳೆ ನಮ್ಮ ಡೇಟಾವನ್ನೂ ಹೀಗೇ ಹಾಕುತ್ತಾರೆ ಅಂದುಕೊಳ್ಳುತ್ತಾರೆ.

ದಾರಿ ಏನು ಅಂದರೆ, ಅದೇ ಕೆಲಸವನ್ನು ಬೇರೆ ಡೇಟಾದ ಮೇಲೆ ಮತ್ತೆ ಕಟ್ಟುವುದು. ಎಲ್ಲರಿಗೂ ತೆರೆದಿರುವ ಯಾವುದಾದರೂ ಸೇಲ್ಸ್ ಡೇಟಾ ತಗೊಳ್ಳಿ, ಇಲ್ಲವೇ ಪೈಥಾನ್‌ನಲ್ಲಿ ನೀವೇ ಹತ್ತು ಹನ್ನೆರಡು ಸಾವಿರ ಸಾಲು ಹುಟ್ಟಿಸಿ. ನನಗೆ ಎರಡನೆಯದೇ ಇಷ್ಟ. ಯಾಕೆಂದರೆ ತೆರೆದ ಡೇಟಾ ಸೆಟ್‌ಗಳಲ್ಲಿ ಜನಪ್ರಿಯವಾದವು ನೂರಾರು ಪೋರ್ಟ್‌ಫೋಲಿಯೊಗಳಲ್ಲಿ ಬಂದು ಬಂದು ಸವೆದಿವೆ. ನೀವೇ ಹುಟ್ಟಿಸಿದರೆ ಆಫೀಸಿನಲ್ಲಿ ನಿಮ್ಮನ್ನು ನಿಜಕ್ಕೂ ಕಾಡಿದ ಗೋಜಲನ್ನೇ ಅದರೊಳಗೆ ಹಾಕಬಹುದು: ಒಂದೇ ಕಾಲಂನಲ್ಲಿ ಮೂರು ಬಗೆಯ ದಿನಾಂಕ, ಒಂದೇ ಗ್ರಾಹಕನಿಗೆ ನಾಲ್ಕು ಸ್ಪೆಲಿಂಗ್, ವಾಪಸ್ ಬಂದ ಮಾಲು ಎರಡು ಸಲ ಲೆಕ್ಕಕ್ಕೆ ಸೇರಿರುವುದು. ಇಂಥದ್ದನ್ನು ನೋಡಿದ ತಕ್ಷಣ, ಈ ಕೆಲಸ ಮಾಡಿ ಗೊತ್ತಿರುವವರಿಗೆ ನೀವೂ ಮಾಡಿದ್ದೀರಿ ಅಂತ ತಿಳಿಯುತ್ತದೆ. ಇದು ಸೃಷ್ಟಿಸಿದ ಡೇಟಾ ಅಂತ ಮೊದಲ ಸಾಲಲ್ಲೇ ಬರೆಯಿರಿ, ಅದರಲ್ಲಿ ನಾಚಿಕೆ ಇಲ್ಲ. ಕಂಪನಿಯ ಲೆಕ್ಕಾಚಾರದ ಸೂತ್ರ, ಲೋಗೋ, ಬಣ್ಣದ ಟೆಂಪ್ಲೇಟ್ ಮಾತ್ರ ಎತ್ತಿಕೊಂಡು ಬರಬೇಡಿ.

ಕಟ್ಟಿದ ಮೇಲೆ ಇಡುವುದು ಎಲ್ಲಿ? ಪವರ್ ಬಿಐನಲ್ಲಿ `Publish to web` ಅಂತ ಒಂದು ದಾರಿ ಇದೆ. ಲಿಂಕ್ ಸಿಗುತ್ತದೆ, ಯಾರು ಬೇಕಾದರೂ ಲಾಗಿನ್ ಇಲ್ಲದೆ ತೆರೆಯಬಹುದು. ಕೇಳಲು ಚೆನ್ನಾಗಿದೆ, ಆದರೆ ಪವರ್ ಬಿಐ ಸೇವೆಗೆ ಆಫೀಸ್ ಅಥವಾ ಕಾಲೇಜಿನ ಇಮೇಲ್ ಬೇಕು. ಸ್ವಂತದ ಸಾಮಾನ್ಯ ಇಮೇಲ್‌ನಿಂದ ಸೇರಲಾಗುವುದಿಲ್ಲ. ಆಫೀಸ್ ಖಾತೆಯಿಂದ ಪಬ್ಲಿಷ್ ಮಾಡಿದರೆ ನಿಮ್ಮ ಪೋರ್ಟ್‌ಫೋಲಿಯೊ ಕಂಪನಿಯ ಮನೆಯಲ್ಲಿ ಬಾಡಿಗೆಗೆ ಇದ್ದ ಹಾಗೆ. ಕೆಲಸ ಬಿಟ್ಟ ದಿನ ಖಾತೆ ಹೋಗುತ್ತದೆ, ಜೊತೆಗೆ ಲಿಂಕೂ. ಎಷ್ಟೋ ಕಡೆ ಅಡ್ಮಿನ್‌ಗಳು ಈ ಸೌಲಭ್ಯವನ್ನು ಮುಚ್ಚಿಯೇ ಇಟ್ಟಿರುತ್ತಾರೆ, ಸರಿಯಾದ ಕಾರಣಕ್ಕೇ. ಆದ್ದರಿಂದ ಸ್ವಂತ ಕಂಪ್ಯೂಟರಿನಲ್ಲಿ ಪವರ್ ಬಿಐ ಡೆಸ್ಕ್‌ಟಾಪ್ ಹಾಕಿಕೊಂಡು ಕಟ್ಟಿ. ಅದು ಬಿಟ್ಟಿ. ಅಲ್ಲಿಂದ ಪಿಡಿಎಫ್ ತೆಗೆದು ಫೀಚರ್ಡ್‌ಗೆ ಹಾಕಿ, ಮೂಲ `.pbix` ಫೈಲನ್ನು ಗಿಟ್‌ಹಬ್‌ನಲ್ಲಿಡಿ. ಬೇಕಾದವರು ಇಳಿಸಿಕೊಂಡು ತೆರೆದು ನೋಡುತ್ತಾರೆ. ಕ್ಲಿಕ್ ಮಾಡಿ ಆಡುವ ಡ್ಯಾಶ್‌ಬೋರ್ಡೇ ಬೇಕು ಅನ್ನಿಸಿದರೆ ಟ್ಯಾಬ್ಲೋ ಪಬ್ಲಿಕ್ ಇದೆ, ಅಲ್ಲಿ ಸ್ವಂತ ಇಮೇಲ್ ಸಾಕು. ಆದರೆ ಅಲ್ಲಿ ಹಾಕಿದ್ದು ಹೆಸರೇ ಹೇಳುವ ಹಾಗೆ ಪಬ್ಲಿಕ್. ಮತ್ತೆ ನಿಮ್ಮ ಸರ್ಟಿಫಿಕೇಟ್ ಇರುವುದು ಪವರ್ ಬಿಐನದು ಅನ್ನುವುದನ್ನು ಮರೆಯಬೇಡಿ.

ಗಿಟ್‌ಹಬ್ ವಿಷಯ. ಪ್ರೊಫೈಲ್ ಲಿಂಕ್ ಕೊಡುವುದು ಅಂದರೆ ಮನೆಯ ಬೀಗದ ಕೈ ಕೊಟ್ಟು "ಒಳಗೆ ಎಲ್ಲೋ ಇದೆ, ಹುಡುಕಿಕೊಳ್ಳಿ" ಅಂದ ಹಾಗೆ. ಅವರು ಒಳಗೆ ಹೋಗಿ ನೋಡಿದರೆ ಕಲಿಯುವಾಗ ಮಾಡಿದ ಅರ್ಧಂಬರ್ಧ ಅಭ್ಯಾಸ, ಬೇರೆಯವರಿಂದ ಫೋರ್ಕ್ ಮಾಡಿದ್ದು, `test2` ಅನ್ನುವ ಖಾಲಿ ರೆಪೊ. ಒಂದೇ ಒಂದು ರೆಪೊ ಆರಿಸಿ, ಡೇಟಾ ಕ್ಲೀನ್ ಮಾಡಿದ್ದು. ಲಿಂಕ್ ನೇರವಾಗಿ ಅದಕ್ಕೇ ಹೋಗಲಿ. ಅದರ `README.md` ಮೊದಲ ಪರದೆಯಲ್ಲೇ ನಾಲ್ಕು ಸಂಗತಿ ಹೇಳಬೇಕು: ಡೇಟಾ ಎಲ್ಲಿಂದ ಬಂತು, ಅದರಲ್ಲಿ ಏನು ಕೆಟ್ಟಿತ್ತು, ನೀವು ಏನು ನಿರ್ಧಾರ ತಗೊಂಡಿರಿ, ಕೊನೆಗೆ ಎಷ್ಟು ಸಾಲು ಉಳಿಯಿತು. ಮೂರನೆಯದೇ ಜೀವಾಳ. "ಖಾಲಿ ಇದ್ದ ಜಾಗಕ್ಕೆ ಸರಾಸರಿ ತುಂಬಿಸಿದೆ" ಅಂತ ಎಲ್ಲರೂ ಬರೆಯುತ್ತಾರೆ. "ಖಾಲಿ ಇದ್ದ ಸಾಲುಗಳು ಹೆಚ್ಚಾಗಿ ಒಂದೇ ಶಾಖೆಯಿಂದ ಬಂದಿದ್ದವು, ಆದ್ದರಿಂದ ತುಂಬಿಸದೆ ಬೇರೆ ಗುರುತು ಹಾಕಿ ಇಟ್ಟೆ" ಅಂತ ಬರೆದರೆ ಓದುವವರು ಕೋಡ್ ತೆರೆಯದೇ ನಂಬುತ್ತಾರೆ. ತೆರೆದರೆ ಇನ್ನೂ ಒಳ್ಳೆಯದು. ಹಾಂ, ರೆಪೊದ ಹಳೆಯ ಕಮಿಟ್‌ಗಳಲ್ಲಿ ಪಾಸ್‌ವರ್ಡ್ ಅಥವಾ ಆಫೀಸಿನ ಡೇಟಾಬೇಸ್ ವಿಳಾಸ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಫೈಲಿನಿಂದ ಈಗ ಅಳಿಸಿದರೂ ಹಿಸ್ಟರಿಯಲ್ಲಿ ಇದ್ದೇ ಇರುತ್ತದೆ. ಅನುಮಾನ ಇದ್ದರೆ ಹೊಸ ರೆಪೊ ಶುರು ಮಾಡುವುದೇ ಸುಲಭ.

ಮೂರನೇ ಮಾತು, ಮೂರು ದಿನದಿಂದ ನಾಲ್ಕು ಗಂಟೆ. ನಾಲ್ಕರಲ್ಲಿ ಹೆಚ್ಚು ಕಣ್ಣು ಸೆಳೆಯುವುದೂ ಇದೇ, ಜಾಸ್ತಿ ಅನುಮಾನ ಹುಟ್ಟಿಸುವುದೂ ಇದೇ. ಯಾವ ಲಿಂಕೂ ಇದನ್ನು ಪೂರ್ತಿ ಸಾಬೀತು ಮಾಡುವುದಿಲ್ಲ, ಅದನ್ನು ಒಪ್ಪಿಕೊಂಡೇ ಹೊರಡಬೇಕು. ನೀವು ಮಾಡಬಹುದಾದ್ದು ಒಂದು ಪುಟದ ಟಿಪ್ಪಣಿ. ಮೊದಲು ಕೆಲಸ ಹೇಗೆ ನಡೆಯುತ್ತಿತ್ತು: ಆರು ಶಾಖೆಗಳಿಂದ ಎಕ್ಸೆಲ್ ಶೀಟ್ ಇಮೇಲ್‌ನಲ್ಲಿ ಬರುತ್ತಿತ್ತು, ಒಬ್ಬರು ಕೂತು ಕಾಪಿ ಮಾಡಿ ಅಂಟಿಸುತ್ತಿದ್ದರು, ಇನ್ನೊಬ್ಬರು ಮೊತ್ತ ತಾಳೆ ನೋಡುತ್ತಿದ್ದರು, ಹೀಗೆ. (ನಿಮ್ಮಲ್ಲಿ ಹೇಗಿತ್ತೋ ಹಾಗೆ ಬರೆಯಿರಿ, ಸಂಸ್ಥೆಯ ಹೆಸರು ಬೇಡ, ಇದಕ್ಕೂ ಮ್ಯಾನೇಜರ್ ಒಪ್ಪಿಗೆ ಕೇಳಿ.) ಆಮೇಲೆ ಯಾವ ಹೆಜ್ಜೆ ತಾನಾಗಿಯೇ ಆಗುವ ಹಾಗೆ ಮಾಡಿದಿರಿ, ಯಾವ ಹೆಜ್ಜೆ ಈಗಲೂ ಕೈಯಲ್ಲೇ ನಡೆಯುತ್ತದೆ. ಆ ನಾಲ್ಕು ಗಂಟೆ ಎಲ್ಲಿ ಹೋಗುತ್ತದೆ ಅಂತಲೂ ಹೇಳಿ. ಇದನ್ನು ಹೇಳುವವರು ಕಡಿಮೆ, ಹೇಳಿದರೆ ಸಂಖ್ಯೆಗೆ ಬೆನ್ನೆಲುಬು ಬರುತ್ತದೆ. ಇನ್ನು, ತಂಡವಾಗಿ ಮಾಡಿದ್ದರೆ ನಿಮ್ಮ ಪಾಲು ಎಷ್ಟು ಅಂತ ಒಂದು ಸಾಲು ಇರಲಿ. ಇಂಟರ್‌ವ್ಯೂನಲ್ಲಿ ಕೇಳುವ ಮೊದಲ ಪ್ರಶ್ನೆಯೇ ಅದು. ಉಳಿದ ಸಾಕ್ಷಿ ಲಿಂಕ್ಡ್‌ಇನ್‌ನ ರೆಕಮಂಡೇಷನ್ ವಿಭಾಗದಿಂದ ಬರಬೇಕು. ಆಗಿನ ಮ್ಯಾನೇಜರ್ ಹತ್ತಿರ "ನನ್ನ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆಯಿರಿ ಸರ್" ಅಂತ ಕೇಳಿದರೆ "ಶ್ರಮಜೀವಿ, ಸ್ನೇಹಮಯಿ" ಅಂತ ಬರುತ್ತದೆ. "ಸರ್, ತಿಂಗಳ ರಿಪೋರ್ಟ್ ಬದಲಾದ ವಿಷಯ ಒಂದೆರಡು ಸಾಲು ಬರೆಯಬಹುದಾ?" ಅಂತ ಕೇಳಿ.

ಲೇಖನ ನಾಲ್ಕನೇ ಮಾತಿಗೆ ಸರಿಯಾಗಿ ಹೊಂದುತ್ತದೆ, ವಿವರಿಸುವ ಕೆಲಸಕ್ಕೆ ಲೇಖನಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಒಂದೇ ಪರೀಕ್ಷೆ: ಡೇಟಾ ಕೆಲಸದಲ್ಲಿ ಇಲ್ಲದ ಒಬ್ಬರಿಗೆ ಮೊದಲ ಎರಡು ಪ್ಯಾರಾ ಓದಲು ಕೊಡಿ. ಎಲ್ಲಿ ನಿಂತರು ಅಂತ ಕೇಳಿ. ನಿಂತ ಜಾಗ ತಿದ್ದಿ.

ಇಷ್ಟಾದ ಮೇಲೆ ಕಾರ್ಡಿನ ಮೇಲೆ ಏನು ಕಾಣುತ್ತದೆ ಅನ್ನುವುದು ಬರುತ್ತದೆ. ಲಿಂಕ್ ಹಾಕಿದಾಗ ಲಿಂಕ್ಡ್‌ಇನ್ ಆ ಪುಟದಿಂದ ಶೀರ್ಷಿಕೆ, ಚಿತ್ರ, ವಿವರಣೆ ತಾನೇ ಎಳೆದುಕೊಳ್ಳುತ್ತದೆ. ಗಿಟ್‌ಹಬ್ ಆದರೆ ರೆಪೊ ಹೆಸರೇ ಶೀರ್ಷಿಕೆ. `sales-clean-v3` ಅಂತ ಕಂಡರೆ ಯಾರಿಗೆ ಏನು ಅರ್ಥವಾಗುತ್ತದೆ? ಆ ಶೀರ್ಷಿಕೆ, ವಿವರಣೆ, ಚಿತ್ರ ಮೂರನ್ನೂ ನೀವು ಬದಲಾಯಿಸಬಹುದು. ಶೀರ್ಷಿಕೆಯಲ್ಲಿ ನಿಮ್ಮ ಮಾತನ್ನೇ ಇಡಿ: "ಗೋಜಲಾದ 12,000 ಸಾಲು ಸೇಲ್ಸ್ ಡೇಟಾ ಕ್ಲೀನ್ ಮಾಡಿದ ಬಗೆ: ಕೋಡ್ ಮತ್ತು ಕಾರಣಗಳು". ಬಹಳ ಜನ ಕಾರ್ಡ್ ಓದುತ್ತಾರೆ, ಒತ್ತುವುದಿಲ್ಲ. ಒತ್ತದೇ ಹೋದವರಿಗೂ ವಿಷಯ ತಲುಪಬೇಕು. ಚಿತ್ರಕ್ಕೆ ಡ್ಯಾಶ್‌ಬೋರ್ಡ್ ಪೂರ್ತಿ ಹಾಕಿದರೆ ಕುಗ್ಗಿ ಚುಕ್ಕಿಚುಕ್ಕಿಯಾಗುತ್ತದೆ. ಒಂದೇ ಒಂದು ಚಾರ್ಟ್ ಕತ್ತರಿಸಿ, ಸುಮಾರು 1200 × 627 ಪಿಕ್ಸೆಲ್ ಅಳತೆಗೆ ತಂದು ಹಾಕಿ. ಸ್ವಂತ ವೆಬ್‌ಸೈಟಿನ ಪುಟ ತಿದ್ದಿದ ಮೇಲೂ ಹಳೆಯ ಚಿತ್ರವೇ ಬರುತ್ತಿದ್ದರೆ ಲಿಂಕ್ಡ್‌ಇನ್‌ನ `Post Inspector` ಪುಟದಲ್ಲಿ ವಿಳಾಸ ಹಾಕಿ ನೋಡಿ, ಅದು ಪುಟವನ್ನು ಹೊಸದಾಗಿ ಓದಿಸುತ್ತದೆ. ಆಮೇಲೆ ಕಾರ್ಡನ್ನು ತೆಗೆದು ಮತ್ತೆ ಸೇರಿಸಿ.

ಲಿಂಕ್ ಹಾಕಿದವರ ಕಂಪ್ಯೂಟರಿನಲ್ಲಿ ಎಲ್ಲ ಲಿಂಕೂ ತೆರೆಯುತ್ತವೆ. ಅದೇ ಮೋಸ. ನೀವು ಲಾಗಿನ್ ಆಗಿರುತ್ತೀರಿ. ಎಲ್ಲರಿಗೂ ತೆರೆದಿಡದ ಡ್ರೈವ್ ಲಿಂಕನ್ನು ಬೇರೆಯವರು ತೆರೆದರೆ ಅನುಮತಿ ಕೇಳುವ ಪುಟ ಬರುತ್ತದೆ. ಒತ್ತಿದವರು ಅನುಮತಿ ಕೇಳಿ ನೀವು ಕೊಡುವವರೆಗೆ ಕಾಯುವುದಿಲ್ಲ, ಮುಂದಿನ ಪ್ರೊಫೈಲಿಗೆ ಹೋಗುತ್ತಾರೆ. ಆದ್ದರಿಂದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಪ್ರತಿ ಲಿಂಕನ್ನೂ ತೆರೆದು ನೋಡಿ, ಫೋನ್‌ನಲ್ಲೂ ನೋಡಿ. ನನ್ನದೇ ಕಥೆ ಹೇಳುತ್ತೇನೆ. ಒಂದು ಸೈಟಿಗೆ ನಾನು ಬರೆದ ಲೇಖನ ಎರಡು ವರ್ಷ ನನ್ನ ಫೀಚರ್ಡ್‌ನಲ್ಲಿ ಮೊದಲನೆಯದಾಗಿ ಇತ್ತು. ಸೈಟ್ ಯಾವಾಗ ಮುಚ್ಚಿತೋ ಗೊತ್ತೇ ಆಗಲಿಲ್ಲ. ಕಾರ್ಡ್ ಮಾತ್ರ ಮೊದಲಿನ ಚಿತ್ರ, ಮೊದಲಿನ ಶೀರ್ಷಿಕೆ ಹೊತ್ತುಕೊಂಡು ಚೆನ್ನಾಗೇ ಕಾಣುತ್ತಿತ್ತು. ಒಂದು ಇಂಟರ್‌ವ್ಯೂನಲ್ಲಿ ಎದುರಿದ್ದವರು ಪರದೆ ಹಂಚಿಕೊಂಡು ಅದನ್ನು ಒತ್ತಿದರು. "ಈ ಡೊಮೇನ್ ಮಾರಾಟಕ್ಕಿದೆ" ಅಂತ ಬಂತು. ಅವರು ನಕ್ಕರು, ನಾನೂ ನಕ್ಕೆ, ಆದರೆ ಮುಂದಿನ ಹತ್ತು ನಿಮಿಷ ನನಗೆ ಸರಿಯಾಗಿ ಮಾತು ಬರಲಿಲ್ಲ. ಆಮೇಲಿಂದ ಬೇರೆಯವರ ಸೈಟಿನಲ್ಲಿ ಬಂದ ಬರಹದ ಪಿಡಿಎಫ್ ಪ್ರತಿ ನನ್ನ ಹತ್ತಿರ ಇಟ್ಟುಕೊಳ್ಳುತ್ತೇನೆ, ಮೂರು ತಿಂಗಳಿಗೊಮ್ಮೆ ಲಿಂಕ್ ಒತ್ತಿ ನೋಡುತ್ತೇನೆ.

ಕೊನೆಗೆ ಕ್ರಮ. ಮೊದಲು ಡ್ಯಾಶ್‌ಬೋರ್ಡ್ ಪಿಡಿಎಫ್, ಯಾಕೆಂದರೆ ನಿಮ್ಮ ಮೊದಲ ಮಾತೇ ಅದು. ಎರಡನೆಯದು ಆ ರಿಪೋರ್ಟ್ ಟಿಪ್ಪಣಿ. ಮೂರನೆಯದು ಗಿಟ್‌ಹಬ್ ರೆಪೊ, ನಾಲ್ಕನೆಯದು ಲೇಖನ. ಅರ್ಜಿ ಹಾಕುವ ಕೆಲಸದಲ್ಲಿ ಡೇಟಾ ಕ್ಲೀನಿಂಗೇ ಮುಖ್ಯ ಅಂತ ಬರೆದಿದ್ದರೆ ಆ ವಾರಕ್ಕೆ ರೆಪೊವನ್ನು ಮೇಲೆ ತನ್ನಿ, ಎಡಿಟ್‌ನಲ್ಲಿ ಕ್ರಮ ಬದಲಾಯಿಸಲು ಅರ್ಧ ನಿಮಿಷ ಸಾಕು. ಹೊಸದನ್ನು ಕಟ್ಟಲು ಎರಡು ಮೂರು ವಾರಾಂತ್ಯ ಬೇಕಾಗಬಹುದು. ಅಲ್ಲಿಯವರೆಗೆ ಲೇಖನ ಮತ್ತು ರೆಪೊ ಎರಡೇ ಇರಲಿ, ಖಾಲಿ ಜಾಗ ತುಂಬಿಸಲು ಸುಮ್ನೆ ಸರ್ಟಿಫಿಕೇಟ್ ವಾಪಸ್ ತರಬೇಡಿ.

ಹೊಸ ಕೆಲಸದ ಪೋಸ್ಟ್ ತೆಗೆಯಲು ಮನಸ್ಸು ಬರುತ್ತಿಲ್ಲ ಅಂತ ಊಹಿಸುತ್ತೇನೆ, ಅದಕ್ಕೆ ಲೈಕ್ ಜಾಸ್ತಿ ಬಂದಿರುತ್ತದೆ ಅಲ್ವಾ. ಫೀಚರ್ಡ್‌ನಿಂದ ತೆಗೆದರೆ ಪೋಸ್ಟ್ ಅಳಿಸಿಹೋಗುವುದಿಲ್ಲ. ನಿಮ್ಮ ಆಕ್ಟಿವಿಟಿಯಲ್ಲಿ ಲೈಕ್, ಕಾಮೆಂಟ್ ಸಮೇತ ಹಾಗೇ ಇರುತ್ತದೆ.